ತಪ್ಪು ಔನ್ಸು, ಸರಿ ಉತ್ತರ: ಡಾಲರ್ ಬಂಗಾರ ರಾಯಚೂರಿಗೆ ಬರುವ ದಾರಿ

2024ರ ಆಗಸ್ಟ್ ಕೊನೆಯ ವಾರ. ಶ್ರಾವಣ ಇನ್ನೂ ಮುಗಿದಿರಲಿಲ್ಲ. ಮಗಳ ಮದುವೆಗೆ ಬಂಗಾರ ತಗೊಳ್ಳಬೇಕು ಅಂತ ಸಿಂಧನೂರಿನಿಂದ ಅಕ್ಕ ರಾಯಚೂರಿಗೆ ಬಂದಿದ್ದಳು. ಜೊತೆಗೆ ಅವಳ ಮಗ, ಇಂಜಿನಿಯರಿಂಗ್ ಕೊನೆ ವರ್ಷದ ಹುಡುಗ. ನಾನು ಹಿಂದೆ ಕೆಲವು ವರ್ಷ ಒಬ್ಬ ಸರಾಫರ ಅಂಗಡಿಯಲ್ಲಿ ಲೆಕ್ಕ ಬರೆದವನು. ಅದಕ್ಕೇ ಮನೆಯಲ್ಲಿ ಯಾರು ಬಂಗಾರ ಕೊಂಡರೂ ನನ್ನನ್ನು ಎಳೆದುಕೊಂಡು ಹೋಗುತ್ತಾರೆ.

ಅಂಗಡಿಯ ಬೋರ್ಡಿನ ಮೇಲೆ 24 ಕ್ಯಾರೆಟ್ ಗ್ರಾಮಿಗೆ 7,240 ಅಂತ ಬರೆದಿತ್ತು. ಜಿಎಸ್‌ಟಿ ಬೇರೆ. ಹುಡುಗ ಮೊಬೈಲ್ ತೆಗೆದು ಏನೋ ಕುಟ್ಟಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದ.

"ಮಾಮ, ಹೊರದೇಶದಾಗ ಬಂಗಾರ ಔನ್ಸಿಗೆ 2,500 ಡಾಲರ್ ಅದ. ಡಾಲರಿಗೆ 84 ರೂಪಾಯಿ. ಔನ್ಸಿಗೆ 28.35 ಗ್ರಾಂ. ಭಾಗಿಸಿದ್ರ ಗ್ರಾಮಿಗೆ 7,407 ಬರ್ತದ. ಇವರು ಜಿಎಸ್‌ಟಿ ಸೇರಿಸಿ 7,457 ಅಂತಾರ. ಐವತ್ತು ರೂಪಾಯಿ ಅಷ್ಟ ಫರಕು. ಮತ್ತ ಸರಕಾರ ಸುಂಕ ಹಾಕ್ತದ, ಜಿಎಸ್‌ಟಿ ಹಾಕ್ತದ ಅಂತಾರಲ್ಲ, ಅದೆಲ್ಲಾ ಎಲ್ಲಿ ಹೋತು?"

ಡಾಲರ್ ದರ, ರೂಪಾಯಿ ದರ ಎರಡನ್ನೂ ಅವನು ಹತ್ತಿರದ ದುಂಡು ಸಂಖ್ಯೆಗೆ ತಂದಿದ್ದ. ಅದು ತಪ್ಪಲ್ಲ. ಗುಣಾಕಾರ, ಭಾಗಾಕಾರ ಕೂಡ ಸರಿ. ಉತ್ತರವೂ ಬೋರ್ಡಿನ ಹತ್ತಿರವೇ ಬಂದಿತ್ತು. ಆದರೆ ಅವನು ಹಿಡಿದ ಔನ್ಸು ಬಂಗಾರದ ಔನ್ಸೇ ಅಲ್ಲ. ಆ ಒಂದು ತಪ್ಪು ಸುಂಕ, ಜಿಎಸ್‌ಟಿ ಎರಡನ್ನೂ ನುಂಗಿಕೊಂಡು ಕೂತಿತ್ತು.

ಎರಡು ಔನ್ಸು, ಒಂದು ತೊಲ

ಔನ್ಸ್ ಅನ್ನುವ ಹೆಸರಿನಲ್ಲಿ ಎರಡು ತೂಕಗಳಿವೆ. ಅಮೆರಿಕದ ಕಿರಾಣಿ ಅಂಗಡಿಯಲ್ಲಿ ಚೀಸ್ ತೂಗುವ ಔನ್ಸಿಗೆ 28.35 ಗ್ರಾಂ. ಬಂಗಾರ, ಬೆಳ್ಳಿ ತೂಗುವುದು ಟ್ರಾಯ್ ಔನ್ಸಿನಲ್ಲಿ. ಅದಕ್ಕೆ 31.1035 ಗ್ರಾಂ. ಹಳೆಯ ಇಂಗ್ಲಿಷ್ ತೂಕದಲ್ಲಿ ಎಲ್ಲಕ್ಕಿಂತ ಚಿಕ್ಕದು ಗ್ರೇನ್, ಅಂದರೆ ಕಾಳು. ಎರಡೂ ಔನ್ಸಿಗೆ ಕಾಳು ಒಂದೇ, ಎಣಿಕೆ ಬೇರೆ. ಕಿರಾಣಿ ಔನ್ಸಿಗೆ ನಾಲ್ಕುನೂರ ಮೂವತ್ತೇಳೂವರೆ ಕಾಳು, ಟ್ರಾಯ್ ಔನ್ಸಿಗೆ 480 ಕಾಳು. ಹಾಗಾಗಿ ಬಂಗಾರದ ಔನ್ಸು ಹತ್ತಿರ ಹತ್ತಿರ ಶೇ. 9.7ರಷ್ಟು ದೊಡ್ಡದು. ಮೊಬೈಲಿನಲ್ಲಿ "ಔನ್ಸಿಗೆ ಎಷ್ಟು ಗ್ರಾಂ" ಅಂತ ಸುಮ್ನೆ ಹುಡುಕಿದರೆ ಮೊದಲು ಸಿಗುವುದು ಕಿರಾಣಿ ಔನ್ಸೇ.

ಇಂಥ ಗೊಂದಲ ನಮ್ಮ ಕಡೆಯವರಿಗೆ ಹೊಸದಲ್ಲ. ಸಿಂಧನೂರು, ಗಂಗಾವತಿ ಕಡೆ ಭತ್ತದ ರೇಟು ಹೇಳುವುದು 75 ಕೆಜಿ ಚೀಲಕ್ಕೆ. ಸರಕಾರದ ಬೆಂಬಲ ಬೆಲೆ ಹೇಳುವುದು ಕ್ವಿಂಟಲಿಗೆ. ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು "ಯಾವುದು ಜಾಸ್ತಿ" ಅಂತ ಯಾವ ರೈತನೂ ಕೇಳುವುದಿಲ್ಲ. ಮೊದಲು ಚೀಲವನ್ನು ಕ್ವಿಂಟಲ್ ಮಾಡಿಕೊಳ್ಳುತ್ತಾನೆ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ನಮ್ಮ ತೊಲ ಟ್ರಾಯ್ ಔನ್ಸಿನ ಹತ್ತಿರದ ನೆಂಟ. 1833ರಲ್ಲಿ ಇಂಗ್ಲಿಷರು ತೊಲವನ್ನು 180 ಕಾಳಿಗೆ ಗೊತ್ತುಮಾಡಿದರು. ಔನ್ಸು 480, ತೊಲ 180. ಅಂದರೆ ಸರಿಯಾಗಿ ಎಂಟು ತೊಲಕ್ಕೆ ಮೂರು ಔನ್ಸು. ಆ ತೊಲ 11.66 ಗ್ರಾಂ. ಈಗ ಅಂಗಡಿಯಲ್ಲಿ "ಒಂದು ತೊಲಿ ಕೊಡ್ರಿ" ಅಂದರೆ 10 ಗ್ರಾಂ ತೂಗುತ್ತಾರೆ. ಅಜ್ಜಿ "ನನ್ನ ಸರ ಐದು ತೊಲಿ" ಅಂದಿದ್ದರೆ ಯಾವ ತೊಲ ಅಂತ ತಕ್ಕಡಿಗೆ ಹಾಕಿಯೇ ನೋಡಬೇಕು.

ಸರಿ, ಹುಡುಗನ ಲೆಕ್ಕಕ್ಕೆ ಬರೋಣ. 2,500 ಡಾಲರನ್ನು 84ರಿಂದ ಗುಣಿಸಿದರೆ 2,10,000 ರೂಪಾಯಿ. ಅದು ಒಂದು ಔನ್ಸಿನ ಬೆಲೆ. 31.1035ರಿಂದ ಭಾಗಿಸಿದರೆ ಗ್ರಾಮಿಗೆ 6,752 ರೂಪಾಯಿ. ಸುಂಕ, ತೆರಿಗೆ, ಸಾಗಣೆ ಏನೂ ಸೇರದ ಬರೀ ಬಂಗಾರದ ಬೆಲೆ ಇದು. ಇದಕ್ಕೆ ಆಗ ಜಾರಿಯಲ್ಲಿದ್ದ ಶೇ. 6ರ ಆಮದು ಸುಂಕ ಸೇರಿಸಿದರೆ 7,157. ಅದರ ಮೇಲೆ ಶೇ. 3ರ ಜಿಎಸ್‌ಟಿ ಹಾಕಿದರೆ 7,371.

ಹುಡುಗನ ತಪ್ಪು ಔನ್ಸು ಕೊಟ್ಟ ಉತ್ತರ 7,407. ಸರಿ ಔನ್ಸು ಹಿಡಿದು ಸುಂಕ, ಜಿಎಸ್‌ಟಿ ಸೇರಿಸಿದಾಗ ಬಂದದ್ದು 7,371. ಬರೀ 36 ರೂಪಾಯಿ ಅಂತರ. ಕಾರಣ ಇಷ್ಟೇ. ಸುಂಕ, ಜಿಎಸ್‌ಟಿ ಸೇರಿ ಬೆಲೆ ಏರುವುದು ಶೇ. 9.2ರಷ್ಟು. ತಪ್ಪು ಔನ್ಸಿನಿಂದ ಬೆಲೆ ಏರುವುದು ಶೇ. 9.7ರಷ್ಟು. ಎರಡೂ ಅಕ್ಕಪಕ್ಕ ಇರುವುದು ಶುದ್ಧ ಕಾಕತಾಳೀಯ. ಇದೇ ಲೆಕ್ಕವನ್ನು ಅವನು ಅದೇ ವರ್ಷದ ಜುಲೈ ಮೊದಲ ವಾರ ಮಾಡಿದ್ದರೆ ತಾಳೆಯಾಗುತ್ತಲೇ ಇರಲಿಲ್ಲ. ಆಗ ಸುಂಕ ಶೇ. 15 ಇತ್ತು. ಇದೇ ಡಾಲರ್ ದರಕ್ಕೆ ಸುಂಕ, ಜಿಎಸ್‌ಟಿ ಸೇರಿ ಗ್ರಾಮಿಗೆ 7,997 ಆಗಬೇಕು. ಅವನ ಲೆಕ್ಕ ಮಾತ್ರ 7,407ರಲ್ಲೇ ನಿಂತಿರುತ್ತಿತ್ತು.

ಡಾಲರ್ ಸುಮ್ಮನಿದ್ದರೂ ರೂಪಾಯಿ ಸುಮ್ಮನಿರದು

ಟಿವಿಯಲ್ಲಿ ಕಾಣುವ ಡಾಲರ್ ದರ ಎಲ್ಲಿಯ ಬಂಗಾರದ ದರ? ಮುಖ್ಯವಾಗಿ ಲಂಡನ್ನಿನ ಗೋದಾಮಿನಲ್ಲಿರುವ ಗಟ್ಟಿಯದ್ದು. ಅಲ್ಲಿಯ ಒಂದು ಗಟ್ಟಿ ಸುಮಾರು 400 ಔನ್ಸು, ಅಂದರೆ ಹನ್ನೆರಡೂವರೆ ಕೆಜಿ ಆಸುಪಾಸು. ಹುಡುಗನ ದರದಲ್ಲಿ ಒಂದೇ ಗಟ್ಟಿಗೆ 8.4 ಕೋಟಿ ರೂಪಾಯಿ. ದಿನಕ್ಕೆ ಎರಡು ಸಲ, ಲಂಡನ್ ಸಮಯ ಬೆಳಿಗ್ಗೆ ಹತ್ತೂವರೆಗೆ ಮತ್ತು ಮಧ್ಯಾಹ್ನ 3ಕ್ಕೆ, ಅಲ್ಲಿ ಹರಾಜಿನ ರೀತಿಯಲ್ಲಿ ದರ ನಿಗದಿಯಾಗುತ್ತದೆ. ಉಳಿದ ಹೊತ್ತು ಲಂಡನ್, ನ್ಯೂಯಾರ್ಕ್, ಶಾಂಘೈ ಅಂತ ವ್ಯಾಪಾರ ನಡೆದೇ ಇರುತ್ತದೆ. ನಾವು ಮಲಗಿದ್ದಾಗ ನ್ಯೂಯಾರ್ಕಿನಲ್ಲಿ ಆದ ಏರಿಳಿತ ಮರುದಿನ ಬೆಳಿಗ್ಗೆ ರಾಯಚೂರಿನ ಬೋರ್ಡಿಗೆ ಬರುತ್ತದೆ.

ಆ ದರಕ್ಕೆ ರೂಪಾಯಿ ಗಂಟು ಬೀಳುತ್ತದೆ. ಡಾಲರಿಗೆ ಒಂದು ರೂಪಾಯಿ ಜಾಸ್ತಿಯಾದರೆ, ಮೇಲಿನ ಲೆಕ್ಕದಲ್ಲಿ, ಗ್ರಾಮಿಗೆ 80 ರೂಪಾಯಿ ಏರುತ್ತದೆ. ಬಂಗಾರ ಅಲ್ಲಾಡದೆ ಇದ್ದರೂ ಹೀಗಾಗುತ್ತದೆ.

ಇದು ಚೆನ್ನಾಗಿ ಕಂಡದ್ದು 2013ರಲ್ಲಿ. 2011ರ ಸೆಪ್ಟೆಂಬರಿನಲ್ಲಿ ಬಂಗಾರ ಔನ್ಸಿಗೆ ಸುಮಾರು 1,900 ಡಾಲರಿಗೆ ಏರಿತ್ತು. ಆಗ ಡಾಲರಿಗೆ 46 ರೂಪಾಯಿ ಆಸುಪಾಸು. ಸುಂಕ ಶೇಕಡಾವಾರು ಇರಲೇ ಇಲ್ಲ, 10 ಗ್ರಾಮಿಗೆ 300 ರೂಪಾಯಿ ಅಷ್ಟೇ. 10 ಗ್ರಾಂ ಬಂಗಾರ 28,000 ರೂಪಾಯಿ ಆಜುಬಾಜು ಇತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಡಾಲರ್ ದರ ಬಿದ್ದು 1,400ರ ಹತ್ತಿರ ಬಂತು. ಕಾಲು ಭಾಗ ಇಳಿದಂತೆ. ಆದರೆ 2013ರ ಆಗಸ್ಟ್ 28ರಂದು ರೂಪಾಯಿ ಕುಸಿದು ಡಾಲರಿಗೆ 68 ದಾಟಿತ್ತು. ಸುಂಕವೂ ಅದೇ ತಿಂಗಳು ಶೇ. 10 ಆಗಿತ್ತು. ಗುಣಿಸಿ ನೋಡಿ: 10 ಗ್ರಾಮಿಗೆ 34,000ದ ಹತ್ತಿರ ಬರುತ್ತದೆ. ಜಗತ್ತಿಗೆಲ್ಲ ಬಂಗಾರ ಅಗ್ಗವಾದ ವರ್ಷ ನಮಗೆ ಅದು ಆವರೆಗಿನ ದಾಖಲೆ ಬೆಲೆ ಮುಟ್ಟಿತು. ನಾನು ಲೆಕ್ಕ ಬರೆಯುತ್ತಿದ್ದ ಅಂಗಡಿಗೆ ಪೇಪರ್ ಕಟಿಂಗ್ ಹಿಡಿದುಕೊಂಡು ಬಂದು "ಬಂಗಾರ ಬಿದ್ದದ ಅಂತ ಬರದಾರ, ನೀವ್ಯಾಕ ಇಳಿಸಿಲ್ಲ?" ಅಂತ ಜಗಳ ತೆಗೆದವರಿದ್ದರು. ಅವರದ್ದೂ ತಪ್ಪಲ್ಲ. ಪೇಪರಿನಲ್ಲಿ ಬಂಗಾರದ ಡಾಲರ್ ದರ ಬಿದ್ದದ್ದು ಮಾತ್ರ ಬರೆದಿತ್ತು.

ಸುಂಕದ ಒಳಗೊಂದು ಸುಳಿ

ಆಮದು ಸುಂಕ ಅಂದರೆ ಆ ದಿನದ ಬೆಲೆಯ ಮೇಲೆ ಇಷ್ಟು ಪರ್ಸೆಂಟ್ ಅಂತ ಎಲ್ಲರೂ ತಿಳಿದಿರುತ್ತಾರೆ. ನಾನೂ ಎಷ್ಟೋ ದಿನ ಹಾಗೇ ತಿಳಿದಿದ್ದೆ. ಅದು ಪೂರ್ತಿ ನಿಜವಲ್ಲ.

ಕೇಂದ್ರ ಸರಕಾರದ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ ಬಂಗಾರಕ್ಕೆ ತನ್ನದೇ ಒಂದು ಬೆಲೆ ಗೊತ್ತುಮಾಡುತ್ತದೆ. ಅದಕ್ಕೆ ಟ್ಯಾರಿಫ್ ಮೌಲ್ಯ ಅನ್ನುತ್ತಾರೆ. ಅದು 10 ಗ್ರಾಮಿಗೆ ಇಷ್ಟು ಡಾಲರ್ ಅಂತ ಇರುತ್ತದೆ. ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ ಬದಲಾಗುತ್ತದೆ. ಸುಂಕ ಬೀಳುವುದು ಈ ಮೌಲ್ಯದ ಮೇಲೆ. ಡಾಲರನ್ನು ರೂಪಾಯಿ ಮಾಡುವಾಗಲೂ ಕಸ್ಟಮ್ಸ್ ತಾನೇ ಪ್ರಕಟಿಸಿದ ವಿನಿಮಯ ದರವನ್ನೇ ಹಿಡಿಯುತ್ತದೆ, ಆ ಕ್ಷಣದ ಮಾರುಕಟ್ಟೆ ದರವನ್ನಲ್ಲ.

ಹದಿನೈದು ದಿನದ ಹಿಂದೆ ಬಂಗಾರ 2,400 ಡಾಲರ್ ಇದ್ದಾಗ ಟ್ಯಾರಿಫ್ ಮೌಲ್ಯ ಗೊತ್ತಾಯಿತು ಅಂತ ಇಟ್ಟುಕೊಳ್ಳಿ. ಅಂದರೆ 10 ಗ್ರಾಮಿಗೆ ಸುಮಾರು 772 ಡಾಲರ್. ಅದರ ಮೇಲೆ ಶೇ. 6 ಅಂದರೆ 46 ಡಾಲರ್ ಚಿಲ್ಲರೆ. ಈಗ ಮಾರುಕಟ್ಟೆ 2,500ಕ್ಕೆ ಏರಿದೆ. ನಿಜ ಬೆಲೆಯ ಮೇಲೆ ಹಾಕಿದ್ದರೆ ಸುಂಕ 48 ಡಾಲರ್ ದಾಟುತ್ತಿತ್ತು. ಹತ್ತಿರ ಹತ್ತಿರ 2 ಡಾಲರ್ ಉಳಿಯಿತು. ಗ್ರಾಮಿಗೆ 16 ರೂಪಾಯಿ. ಬೆಲೆ ಭರಭರ ಏರುವಾಗ ನಿಜವಾಗಿ ಬೀಳುವ ಸುಂಕ ಶೇ. 6ಕ್ಕಿಂತ ಸ್ವಲ್ಪ ಕಡಿಮೆ. ಬೆಲೆ ಬೀಳುವಾಗ ಸ್ವಲ್ಪ ಜಾಸ್ತಿ. ಮನೆಯಲ್ಲಿ ಕೂತು ಮಾಡಿದ ಲೆಕ್ಕ ಗ್ರಾಮಿಗೆ ಹತ್ತಿಪ್ಪತ್ತು ರೂಪಾಯಿ ಆಚೀಚೆ ಆದರೆ ಇದೂ ಒಂದು ಕಾರಣ.

ಆ ಶೇ. 6ರಲ್ಲೂ ಎರಡು ತುಂಡು. ಮೂಲ ಕಸ್ಟಮ್ಸ್ ಸುಂಕ ಶೇ. 5, ಕೃಷಿ ಮೂಲಸೌಕರ್ಯ ಸೆಸ್ ಶೇ. 1. 2024ರ ಜುಲೈ 23ರ ಬಜೆಟ್ಟಿನಲ್ಲಿ ಇದನ್ನು ಹೇಳಿದರು. ಸುಂಕ ಮತ್ತೆ ಬದಲಾದರೆ ನಮ್ಮ ಲೆಕ್ಕದಲ್ಲಿ 1.06 ಅನ್ನುವ ಜಾಗದಲ್ಲಿ ಹೊಸ ಸಂಖ್ಯೆ ಇಟ್ಟುಕೊಂಡರೆ ಆಯಿತು.

ಆ ಬಜೆಟ್ ದಿನದ ಕತೆ ಹೇಳಲೇಬೇಕು. ಲಂಡನ್ನಿನಲ್ಲಿ ಆವತ್ತು ಅಂಥ ದೊಡ್ಡ ಏರಿಳಿತ ಏನೂ ಇರಲಿಲ್ಲ. ಔನ್ಸು 2,400 ಡಾಲರಿನ ಆಸುಪಾಸಿನಲ್ಲೇ ಇತ್ತು. ನಮ್ಮಲ್ಲಿ ಮಾತ್ರ, ಮುಂದಿನ ತಾರೀಖಿನ ವ್ಯಾಪಾರವನ್ನು ಇವತ್ತೇ ಕುದುರಿಸುವ ವಾಯಿದೆ ಮಾರುಕಟ್ಟೆಯಲ್ಲಿ, 10 ಗ್ರಾಮಿಗೆ ಸುಮಾರು 4,000 ರೂಪಾಯಿ ಒಂದೇ ದಿನ ಬಿತ್ತು. ಒಂದು ಭಾಷಣಕ್ಕೆ. ಆ ಹಿಂದಿನ ದಿನ ಸರಕು ತುಂಬಿಕೊಂಡಿದ್ದ ಅಂಗಡಿಯವರ ಮುಖ ನೋಡಬೇಕಿತ್ತು. ಅವರು ಶೇ. 15 ಸುಂಕ ಕೊಟ್ಟು ತಂದ ಗಟ್ಟಿ ಮರುದಿನ ಶೇ. 6ರ ಗಟ್ಟಿಯ ಪಕ್ಕ ಕೂತಿತ್ತು. ಗಿರಾಕಿಗೆ ಎರಡೂ ಒಂದೇ.

ಆದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. 1.15 ಇದ್ದದ್ದು 1.06 ಆದರೆ ಬೆಲೆ ಶೇ. 7.8ರಷ್ಟು ಇಳಿಯಬೇಕು. 10 ಗ್ರಾಮಿಗೆ 5,800 ರೂಪಾಯಿ ಹತ್ತಿರ. ಇಳಿದದ್ದು ಬರೀ 4,000. ಉಳಿದದ್ದು ಎಲ್ಲಿ?

ಕಾಗದದ ಬೆಲೆ, ಪೇಟೆಯ ಬೆಲೆ

ಸುಂಕ ಸೇರಿಸಿ ನಾವು ಲೆಕ್ಕ ಹಾಕಿದ ಬೆಲೆ ಕಾಗದದ ಮೇಲಿನದ್ದು. ಹೊರಗಿನಿಂದ ತಂದರೆ ಇಷ್ಟು ಬೀಳುತ್ತದೆ ಅಂತ. ಮುಂಬೈ, ಅಹಮದಾಬಾದಿನ ಗಟ್ಟಿ ವ್ಯಾಪಾರಿಗಳು ಅದೇ ಬೆಲೆಗೆ ಮಾರಲೇಬೇಕು ಅಂತ ಏನಿಲ್ಲ. ಕೊಳ್ಳುವವರು ಮುಗಿಬಿದ್ದರೆ ಅದರ ಮೇಲೆ ನಾಲ್ಕು ಕಾಸು ಇಡುತ್ತಾರೆ. ಅದು ಪ್ರೀಮಿಯಂ. ಅಂಗಡಿಗಳು ಖಾಲಿ ಹೊಡೆಯುತ್ತಿದ್ದರೆ ಕಡಿಮೆಗೆ ಬಿಡುತ್ತಾರೆ. ಅದು ಡಿಸ್ಕೌಂಟ್. ಮಜಾ ಅಂದರೆ ಇದನ್ನು ಹೇಳುವುದೂ ಔನ್ಸಿಗೆ ಇಷ್ಟು ಡಾಲರ್ ಅಂತಲೇ. ದೀಪಾವಳಿ, ಮದುವೆ ಕಾಲದ ಮುಂಚೆ ಪ್ರೀಮಿಯಂ ಬರುವುದು ರೂಢಿ. ಬೆಲೆ ದಿಢೀರ್ ಏರಿ ಜನ ಹಳೆ ಒಡವೆ ತಂದು ಮಾರಲು ಶುರುಮಾಡಿದರೆ ಡಿಸ್ಕೌಂಟ್ ಬೀಳುತ್ತದೆ. ಆಮದು ಮಾಡಿಕೊಳ್ಳುವ ಅಗತ್ಯವೇ ಕಡಿಮೆಯಾಗುತ್ತದೆ, ಅಲ್ವಾ?

ಡಿಸ್ಕೌಂಟಿಗೆ ಇನ್ನೊಂದು ಕಾರಣ ಕಳ್ಳಸಾಗಣೆ. ಒಂದು ಕೆಜಿ ಗಟ್ಟಿಗೆ, ಹುಡುಗನ ದರದಲ್ಲಿ, 67 ಲಕ್ಷ ಚಿಲ್ಲರೆ. ಶೇ. 15 ಸುಂಕ ಅಂದರೆ ಕೆಜಿಗೆ 10 ಲಕ್ಷ. ಸುಂಕ ತಪ್ಪಿಸಿ ತಂದವನು ಅದರಲ್ಲಿ ಒಂದೆರಡು ಲಕ್ಷ ಬಿಟ್ಟುಕೊಟ್ಟು ಮಾರಿದರೂ ಅವನಿಗೆ ಲಾಭವೇ. ಆ ಮಾಲು ಪೇಟೆಗೆ ಬಂದಾಗ ನ್ಯಾಯವಾಗಿ ಸುಂಕ ಕಟ್ಟಿದವನೂ ಬೆಲೆ ತಗ್ಗಿಸಬೇಕಾಗುತ್ತದೆ. ಸುಂಕ ಶೇ. 6 ಆದಾಗ ಅದೇ ಕೆಜಿಯ ಮೇಲಿನ ಆಸೆ 4 ಲಕ್ಷಕ್ಕೆ ಇಳಿಯಿತು.

ಈಗ ಮೊದಲಿನ ಪ್ರಶ್ನೆಗೆ ಉತ್ತರ. ಬಜೆಟ್ಟಿಗೆ ಮೊದಲೇ ನಮ್ಮ ಪೇಟೆಯ ಬೆಲೆ ಕಾಗದದ ಬೆಲೆಗಿಂತ ಕೆಳಗಿತ್ತು. ಅಂದರೆ ಶೇ. 15 ಸುಂಕ ಇದ್ದರೂ ಪೇಟೆ ಅದನ್ನು ಪೂರ್ತಿ ಕೊಡುತ್ತಿರಲಿಲ್ಲ. ಸುಂಕ ಇಳಿದ ಕೂಡಲೇ ಜನ ಅಂಗಡಿಗೆ ನುಗ್ಗಿದರು, ಡಿಸ್ಕೌಂಟ್ ಮಾಯವಾಗಿ ಪ್ರೀಮಿಯಂ ಬಂತು. ಕಾಗದದ ಮೇಲೆ 5,800 ಇಳಿಯಿತು. ಪೇಟೆ ಮೊದಲೇ ತಗ್ಗಿನಲ್ಲಿ ನಿಂತಿತ್ತು, ಹಾಗಾಗಿ ಅದು ಇಳಿಯಬೇಕಾದದ್ದು ಕಡಿಮೆ.

ಆಗಸ್ಟಿನಲ್ಲಿ ನಾವು ಹೋದ ಅಂಗಡಿಯ ಬೋರ್ಡಿಗೂ ಇದೇ ವಿವರಣೆ ಸಾಕು. ಸುಂಕ ಸೇರಿ ನನ್ನ ಲೆಕ್ಕ 7,157. ಬೋರ್ಡು 7,240. ನಡುವಿನ 83 ರೂಪಾಯಿಯಲ್ಲಿ ವಿದೇಶದಿಂದ ಕೆಜಿ ಗಟ್ಟಿ ತರುವ ಖರ್ಚು, ವಿಮೆ, ಬ್ಯಾಂಕಿನ ಪಾಲು, ಪೇಟೆಯ ಪ್ರೀಮಿಯಂ, ಮುಂಬೈ ಇಲ್ಲವೇ ಬೆಂಗಳೂರಿನಿಂದ ರಾಯಚೂರಿಗೆ ಬರುವ ದಾರಿ, ನಷ್ಟ ಆಗದಿರಲಿ ಅಂತ ಅಂಗಡಿಯವನು ಇಟ್ಟುಕೊಂಡ ಅಂಚು, ಎಲ್ಲಾ ಸೇರಿತ್ತು. ಸರಾಫರನ್ನೇ ಕೇಳಿದೆ. ಅವರು ನಕ್ಕರು.

"ನಾ ಇವತ್ತು ಮಾರಿದ್ದನ್ನ ನಾಳಿ ಮುಂಜಾನಿ ಖರೀದಿ ಮಾಡ್ಬೇಕ್ರಿ. ರಾತ್ರಿ ಅಮೆರಿಕಾದಾಗ ಏನಾಗ್ತದ ಯಾರಿಗ್ಗೊತ್ತು?"

ನನ್ನ ಅಳತೆ ಇಷ್ಟು: ಡಾಲರ್ ದರ ಗುಣಿಸು ರೂಪಾಯಿ, ಭಾಗಿಸು 31.1035, ಆಗಿನ ಶೇ. 6 ಸುಂಕಕ್ಕೆ ಗುಣಿಸು 1.06. ಜಿಎಸ್‌ಟಿ ಸೇರದ 24 ಕ್ಯಾರೆಟ್ ಬೋರ್ಡ್ ಇದಕ್ಕಿಂತ ಶೇ. 1 ಇಲ್ಲವೇ ಒಂದೂವರೆ ಮೇಲಿದ್ದರೆ ನಾನು ಮಾತಾಡುವುದಿಲ್ಲ. ಶೇ. 4ರಷ್ಟು ಮೇಲಿದ್ದರೆ ಮೊದಲು ಕೇಳುವ ಪ್ರಶ್ನೆ, "ಇದರಾಗ ಜಿಎಸ್‌ಟಿ ಸೇರ್ಯದೇನ್ರಿ?" ಬಹಳ ಸಲ ಸೇರಿರುತ್ತದೆ. ಇನ್ನೊಂದು ಎಡವಟ್ಟು 22 ಕ್ಯಾರೆಟ್ಟಿನದ್ದು. ಡಾಲರ್ ದರ ಅಪ್ಪಟ ಬಂಗಾರಕ್ಕೆ. ಒಡವೆಯ 22 ಕ್ಯಾರೆಟ್ಟಿನಲ್ಲಿ ಸಾವಿರಕ್ಕೆ 916 ಭಾಗ ಬಂಗಾರ. ಆವತ್ತಿನ 22 ಕ್ಯಾರೆಟ್ ಬೋರ್ಡ್ 6,632. ಸುಂಕವಿಲ್ಲದ ಲಂಡನ್ ಬೆಲೆ 6,752. ಎರಡನ್ನೂ ಹಾಗೇ ಪಕ್ಕ ಇಟ್ಟು "ನಮ್ಮಲ್ಲೇ ಅಗ್ಗ" ಅಂದವರನ್ನೂ ನೋಡಿದ್ದೇನೆ.

ಹಟ್ಟಿಯ ಬಂಗಾರಕ್ಕೆ ಯಾವ ಸುಂಕ?

ಹುಡುಗ ಅಷ್ಟಕ್ಕೇ ಬಿಡಲಿಲ್ಲ. "ಮಾಮ, ನಮ್ಮ ಲಿಂಗಸೂಗೂರು ತಾಲೂಕಿನಾಗ ಹಟ್ಟಿ ಐತಲ್ಲ. ಆ ಬಂಗಾರ ಹಡಗು ಹತ್ತಿಲ್ಲ, ವಿಮಾನ ಹತ್ತಿಲ್ಲ. ಅದನ್ನ ಯಾಕ ಸುಂಕ ಬಿಟ್ಟು ಮಾರಬಾರದು?"

ಇದು ಒಳ್ಳೆಯ ಪ್ರಶ್ನೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. 2024ರ ಹೊತ್ತಿಗೆ ದೇಶದಲ್ಲಿ ಅದಿರಿನಿಂದ ಬಂಗಾರ ತೆಗೆಯುವ ಗಣಿಗಳಲ್ಲಿ ಹೇಳಿಕೊಳ್ಳುವಂಥದ್ದು ನಮ್ಮ ಜಿಲ್ಲೆಯ ಹಟ್ಟಿಯೇ ಆಗಿತ್ತು. ಅದು ರಾಜ್ಯ ಸರಕಾರದ ಕಂಪನಿ. ಅಲ್ಲಿ ತೆಗೆದ ಬಂಗಾರಕ್ಕೆ ಕಸ್ಟಮ್ಸ್ ಸುಂಕ ಬೀಳುವುದಿಲ್ಲ, ನಿಜ. ಆದರೆ ಅದನ್ನು ಕೊಳ್ಳುವವನು ಯಾರು? ಹೊರಗಿನಿಂದ ತಂದರೆ ಗ್ರಾಮಿಗೆ 7,157 ಕೊಡಬೇಕಾದ ವ್ಯಾಪಾರಿಯೇ. ಅವನು ಹಟ್ಟಿಗೂ ಅಷ್ಟರ ಹತ್ತಿರ ಕೊಡಲು ತಯಾರಿರುತ್ತಾನೆ. ಹಾಗಿದ್ದಾಗ ಗಣಿಯವರು 6,752ಕ್ಕೆ ಯಾಕೆ ಮಾರುತ್ತಾರೆ? ಒಂದು ವೇಳೆ ಮಾರಿದರೂ, ಕೊಂಡ ಮೊದಲನೆಯವನೇ ಮರುದಿನ 7,157ಕ್ಕೆ ಮಾರುತ್ತಾನೆ. ಆ 400 ರೂಪಾಯಿ ಅವನ ಜೇಬಿಗೆ ಹೋಗುತ್ತದೆ. ಸಿಂಧನೂರಿನ ಅಕ್ಕನವರೆಗೆ ಬರುವುದಿಲ್ಲ.

ಹಟ್ಟಿಯಲ್ಲಿ ವರ್ಷಕ್ಕೆ ಸಿಗುವುದು 2 ಟನ್ನಿಗಿಂತ ಕಡಿಮೆ. ದೇಶ ಕೊಳ್ಳುವುದು ವರ್ಷಕ್ಕೆ 700, 800 ಟನ್. ಒಂದು ಊರಿಗೆ ಇಡೀ ನೀರು ಟ್ಯಾಂಕರಿನಲ್ಲಿ ಬರುತ್ತದೆ, ಒಬ್ಬನ ಹಿತ್ತಲಲ್ಲಿ ಮಾತ್ರ ಸಣ್ಣ ಬಾವಿ ಇದೆ ಅಂದುಕೊಳ್ಳಿ. ಅವನು ಕೊಡ ಮಾರುವುದು ಟ್ಯಾಂಕರಿನ ರೇಟಿಗೇ. ಊರಿಗೆಲ್ಲ ಸಾಕಾಗುವಷ್ಟು ಬಾವಿ ಇದ್ದಿದ್ದರೆ ಮಾತು ಬೇರೆ.

ಇದರಿಂದ ಇನ್ನೊಂದು ವಿಷಯ ಹುಟ್ಟುತ್ತದೆ. ದೇಶದೊಳಗಿರುವ ಪ್ರತಿ ಗ್ರಾಂ ಬಂಗಾರದ ಬೆಲೆಯಲ್ಲೂ ಇವತ್ತಿನ ಸುಂಕ ಸೇರಿಕೊಂಡಿರುತ್ತದೆ. ಅದು ಯಾವಾಗ ಬಂತು, ಎಲ್ಲಿಂದ ಬಂತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಅಜ್ಜಿಯ ಬೋರಮಾಳಕ್ಕೂ ಅದೇ ಬೆಲೆ.

ಆವತ್ತು ಅದು ನಮ್ಮ ಕಣ್ಣೆದುರೇ ಆಯಿತು. ಅಕ್ಕ ಒಂದು ಹಳೆ ಸರ ತಂದಿದ್ದಳು. 2013ರ ದೀಪಾವಳಿ ಹೊತ್ತಿಗೆ ಕೊಂಡದ್ದು, 20 ಗ್ರಾಂ. ಯಂತ್ರದಲ್ಲಿಟ್ಟು ನೋಡಿದಾಗ ಶೇ. 91 ಬಂಗಾರ ಅಂತ ತೋರಿಸಿತು. ಅಪ್ಪಟ ಬಂಗಾರ 18.2 ಗ್ರಾಂ. ಸರಾಫರು ಹಳೆ ಬಂಗಾರಕ್ಕೆ 24 ಕ್ಯಾರೆಟ್ ಲೆಕ್ಕದಲ್ಲಿ ಗ್ರಾಮಿಗೆ 7,150 ಹಿಡಿದರು. 1,30,130 ರೂಪಾಯಿ ಆಯಿತು. ಅದೇ ಬಂಗಾರಕ್ಕೆ ಲಂಡನ್ ಬೆಲೆ ಹಿಡಿದಿದ್ದರೆ 1,22,890 ಆಸುಪಾಸು. ಅಂದರೆ 7,000 ರೂಪಾಯಿಗೂ ಜಾಸ್ತಿ ಸುಂಕದ ರೂಪದಲ್ಲಿ ಅಕ್ಕನ ಕೈಗೆ ವಾಪಸ್ ಬಂತು. ಅವಳು ಸುಂಕ ಕಟ್ಟಿದ ರಸೀದಿ ಯಾರೂ ಕೇಳಲಿಲ್ಲ.

ಜಿಎಸ್‌ಟಿಗೆ ಈ ಭಾಗ್ಯ ಇಲ್ಲ. ಹಳೆ ಸರ ಕೊಟ್ಟಾಗ ಅದರ ಮೇಲೆ ಶೇ. 3 ಯಾರೂ ಸೇರಿಸಿ ಕೊಡಲಿಲ್ಲ. ಹೊಸ ಒಡವೆಯ ಬಿಲ್ಲಿನಲ್ಲಿ ಮಾತ್ರ ಬಂಗಾರ, ಮಜೂರಿ ಎರಡೂ ಕೂಡಿಸಿ, ಹಳೆ ಸರದ ದುಡ್ಡು ಕಳೆಯುವ ಮೊದಲಿನ ಪೂರ್ತಿ ಮೊತ್ತದ ಮೇಲೆ ಶೇ. 3 ಹಾಕಿದರು. ನಿಯಮವೇ ಹಾಗೆ. ಅದು ಕೊಳ್ಳುವಾಗ ಕೊಟ್ಟು ಬಿಡುವ ದುಡ್ಡು.

ಹುಡುಗ ಬಿಲ್ಲನ್ನು ಎರಡು ಸಲ ಓದಿದ. ಆಮೇಲೆ ಏನೋ ಹೊಳೆದಂತೆ ತಲೆ ಎತ್ತಿದ. "ಮಾಮ, ಅವ್ವ ಈ ಸರ ತಗೊಂಡಾಗ ಸುಂಕ ಶೇ. 10 ಇತ್ತಲ್ಲ? ಈಗ ವಾಪಸ್ ಬಂದದ್ದು ಶೇ. 6ರ ಲೆಕ್ಕ."

ಹೌದು ಅಂದೆ. ಹೋದ ತಿಂಗಳು ಬಜೆಟ್ಟಿಗೆ ಮೊದಲು ಬಂದಿದ್ದರೆ ಶೇ. 15ರ ಹತ್ತಿರದ ಲೆಕ್ಕ ಸಿಗುತ್ತಿತ್ತು ಅಂತಲೂ ಹೇಳಿದೆ. ಅಕ್ಕ ಹೊಸ ಸರದ ಕೊಂಡಿ ತೆಗೆದು ಹಾಕಿ ನೋಡುತ್ತಿದ್ದಳು.

"ಹೋದ ತಿಂಗಳು ಬಂದಿದ್ರ ಹೊಸಾದಕ್ಕೂ ಹದಿನೈದ ಕೊಡಬೇಕಾಗ್ತಿತ್ತಲ್ಲೋ," ಅಂದಳು. "ಕೊಡೋದು ಇಪ್ಪತ್ತು ಗ್ರಾಂ, ತಗೊಳ್ಳೋದು ಐವತ್ತು."